ತಡವಾದ ಬಾಕಿಗೆ ಬಡ್ಡಿ: ಗಿರಾಕಿ ತಾನೇ ತಾಳೆ ನೋಡುವಂತೆ ಸಾಲು ಸಾಲಾಗಿ ಬರೆಯುವುದು ಹೇಗೆ

ಬಾಕಿ ತಡವಾದಾಗ ಬಡ್ಡಿ ಕೇಳುವುದು ತಪ್ಪಲ್ಲ. ಆದರೆ ಹಾಳೆಯ ಕೊನೆಯಲ್ಲಿ ‘ಬಡ್ಡಿ ₹2,249.75’ ಎಂದು ಒಂದೇ ಸಾಲು ಬರೆದು ಕಳಿಸಿದರೆ ಫೋನ್ ಬರುವುದು ಖಂಡಿತ. ‘ಎಂತ ಮಾರಾಯ್ರೇ, ಇದು ಎಲ್ಲಿಂದ ಬಂತು?’ ಅಂತ ಕೇಳುತ್ತಾರೆ. ಕೇಳಲೇಬೇಕು. ಕೊಡುವ ಹಣ ಅವರದು. ಅದರ ಲೆಕ್ಕ ಅವರಿಗೆ ಕಾಣಿಸದಿದ್ದರೆ, ಮೊತ್ತ ಎಷ್ಟೇ ಸರಿಯಿದ್ದರೂ ಅನುಮಾನ ಉಳಿಯುತ್ತದೆ.

ಶಿವಮೊಗ್ಗ, ತೀರ್ಥಹಳ್ಳಿ, ಸಾಗರದ ಕಡೆ ಸಣ್ಣ ವ್ಯಾಪಾರ ಮಾಡುವವರಿಗೆ ಈ ಕಷ್ಟ ಸ್ವಲ್ಪ ಜಾಸ್ತಿ. ಇಲ್ಲಿ ತೋಟದವರ ಕೈಗೆ ತಿಂಗಳು ತಿಂಗಳು ದುಡ್ಡು ಬರುವುದಿಲ್ಲ. ಕೊಯ್ಲಾಗಿ, ಅಡಿಕೆ ಸುಲಿದು, ಬೇಯಿಸಿ ಒಣಗಿಸಿ, ಮ್ಯಾಮ್ಕೋಸ್ ಸಹಕಾರ ಸಂಘಕ್ಕೋ ಮಂಡಿಗೋ ಹಾಕಿದ ಮೇಲೆ ಬರುತ್ತದೆ. ಹಾಗಾಗಿ ಬಾಕಿ ಒಂದೇ ಸಲ ತೀರುವುದು ಅಪರೂಪ. ನವೆಂಬರ್‌ನಲ್ಲಿ ಸ್ವಲ್ಪ, ಸಂಕ್ರಾಂತಿ ಕಳೆದ ಮೇಲೆ ಸ್ವಲ್ಪ, ಹೀಗೆ ಕಂತು ಕಂತಾಗಿ ಬರುತ್ತದೆ. ಪ್ರತಿ ಕಂತು ಬಂದಾಗಲೂ ಅಸಲು ಕಡಿಮೆಯಾಗಬೇಕು. ಅಲ್ಲಿಂದ ಮುಂದಿನ ಬಡ್ಡಿಯೂ ಕಡಿಮೆಯಾಗಬೇಕು. ಲೆಕ್ಕ ಎಡವುವುದು ಇಲ್ಲೇ. ಅದಕ್ಕೆ ಕಂತುಗಳಲ್ಲಿ ತೀರಿದ ಒಂದು ಬಿಲ್ಲನ್ನೇ ಉದಾಹರಣೆಗೆ ತೆಗೆದುಕೊಂಡು ಪೂರ್ತಿ ಬಿಡಿಸಿ ತೋರಿಸುತ್ತೇನೆ.

ಉದಾಹರಣೆಯ ಬಿಲ್

ಶಿವಮೊಗ್ಗದ ಒಂದು ವರ್ಕ್‌ಶಾಪ್ ತೀರ್ಥಹಳ್ಳಿ ಕಡೆಯ ತೋಟದವರಿಗೆ ಅಡಿಕೆ ಸುಲಿಯುವ ಮೆಷಿನ್ ಕೊಟ್ಟಿದೆ ಎಂದುಕೊಳ್ಳಿ. ಬಿಲ್ 2025ರ ಸೆಪ್ಟೆಂಬರ್ 10ರದ್ದು. ಜಿಎಸ್‌ಟಿ ಸೇರಿ ₹73,000. ಮೂವತ್ತು ದಿನದ ಗಡುವು, ಅಂದರೆ ಅಕ್ಟೋಬರ್ 10. ಗಡುವು ದಾಟಿದರೆ ವರ್ಷಕ್ಕೆ ಶೇ. 12ರಂತೆ ಸರಳ ಬಡ್ಡಿ ಎಂದು ಕೊಟೇಶನ್‌ನಲ್ಲೂ ಇದೆ, ಬಿಲ್‌ನಲ್ಲೂ ಇದೆ. ತೋಟದವರು ಕೊಟೇಶನ್‌ಗೆ ಸಹಿ ಹಾಕಿದ್ದಾರೆ.

ನವೆಂಬರ್ 24ಕ್ಕೆ ₹30,000 ಬಂತು. 2026ರ ಜನವರಿ 19ಕ್ಕೆ ₹20,000 ಬಂತು. ಉಳಿದದ್ದನ್ನು ಮಾರ್ಚ್ 10ಕ್ಕೆ ತೀರಿಸುತ್ತೇನೆ, ಎಷ್ಟಾಗುತ್ತದೆ ಹೇಳಿ ಎಂದು ತೋಟದವರು ಕೇಳಿದ್ದಾರೆ.

₹73,000 ಎಂಬ ಮೊತ್ತವನ್ನು ಬೇಕೆಂದೇ ಆರಿಸಿದ್ದೇನೆ. ಶೇ. 12ರಂತೆ ಇದಕ್ಕೆ ದಿನಕ್ಕೆ ಸರಿಯಾಗಿ ₹24 ಬಡ್ಡಿ ಬೀಳುತ್ತದೆ. ಮೊದಲ ಸಾಲನ್ನು ನೀವು ಬಾಯಲ್ಲೇ ತಾಳೆ ನೋಡಬಹುದು.

ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ಬಡ್ಡಿಯ ಮಾತು ವ್ಯವಹಾರದ ಶುರುವಿನಲ್ಲೇ ಬರವಣಿಗೆಯಲ್ಲಿ ಇರಬೇಕು. ಬಾಕಿ ಆದ ಮೇಲೆ ನಾವೇ ಒಂದು ದರ ಹಾಕಿಕೊಂಡು ಹಾಳೆ ಕಳಿಸಿದರೆ, ಲೆಕ್ಕ ಎಷ್ಟು ಚೆನ್ನಾಗಿದ್ದರೂ ಅದಕ್ಕೆ ಬುಡ ಇರುವುದಿಲ್ಲ.

ಲೆಕ್ಕಕ್ಕೆ ಮುಂಚೆ ನಿಯಮ ಬರೆಯಿರಿ

ಒಂದೇ ಬಿಲ್, ಅವೇ ತಾರೀಖುಗಳು, ಅದೇ ದರ. ಆದರೂ ಇಬ್ಬರು ಪ್ರಾಮಾಣಿಕವಾಗಿ ಲೆಕ್ಕ ಹಾಕಿ ಎರಡು ಬೇರೆ ಮೊತ್ತ ತರಬಹುದು. ಯಾಕೆಂದರೆ ಹೇಳದೇ ಉಳಿದ ನಾಲ್ಕೈದು ತೀರ್ಮಾನಗಳು ಈ ಲೆಕ್ಕದ ಒಳಗೆ ಇರುತ್ತವೆ. ಅವನ್ನು ಹಾಳೆಯ ಮೇಲ್ಭಾಗದಲ್ಲಿ ಬರೆದುಬಿಟ್ಟರೆ ಅರ್ಧ ಜಗಳ ಅಲ್ಲೇ ಮುಗಿಯುತ್ತದೆ.

ಮೊದಲನೆಯದು ದರ. ನಮ್ಮ ಕಡೆ ಮಾತಿನಲ್ಲಿ ಬಡ್ಡಿ ಎಂದರೆ ತಿಂಗಳ ಲೆಕ್ಕ. ‘ಒಂದೂವರೆ ರೂಪಾಯಿ ಬಡ್ಡಿ’ ಎಂದರೆ ನೂರಕ್ಕೆ ತಿಂಗಳಿಗೆ ಒಂದೂವರೆ ರೂಪಾಯಿ, ಅಂದರೆ ವರ್ಷಕ್ಕೆ ಶೇ. 18. ಬಿಲ್ಲಿನಲ್ಲಿ ಬರಿ ‘12%’ ಎಂದಿದ್ದರೆ ಓದುವವರು ಏನು ತಿಳಿಯಬೇಕು? ‘ವರ್ಷಕ್ಕೆ ಶೇ. 12’ ಎಂದು ಬಿಡಿಸಿಯೇ ಬರೆಯಿರಿ.

ಎರಡನೆಯದು ವರ್ಷಕ್ಕೆ ಎಷ್ಟು ದಿನ ಎಂಬುದು. 365 ಎಂದು ಇಟ್ಟುಕೊಳ್ಳಿ, ಹಾಗೆಂದು ಬರೆಯಿರಿ. ‘ತಿಂಗಳಿಗೆ ಒಂದು ರೂಪಾಯಿ ತಾನೇ, ತಿಂಗಳ ಲೆಕ್ಕದಲ್ಲೇ ಹಾಕೋಣ’ ಎಂದು ಕೆಲವರು ಹೇಳುತ್ತಾರೆ. ಆಗ ನವೆಂಬರ್ 24ರವರೆಗಿನ ನಲವತ್ತೈದು ದಿನ ಒಂದೂವರೆ ತಿಂಗಳಾಗುತ್ತದೆ. ಬಡ್ಡಿ ₹1,095 ಬರುತ್ತದೆ. ದಿನದ ಲೆಕ್ಕದಲ್ಲಿ ಅದೇ ₹1,080. ಕಂತುಗಳು ತಿಂಗಳ ನಡುವೆ ಬರುವಾಗ ದಿನದ ಲೆಕ್ಕವೇ ನ್ಯಾಯ ಎಂಬುದು ನನ್ನ ಅಭಿಪ್ರಾಯ.

ಮೂರನೆಯದು ದಿನ ಎಣಿಸುವ ರೀತಿ. ಗಡುವಿನ ದಿನ ಎಣಿಕೆಗೆ ಬರಬಾರದು. ಅಕ್ಟೋಬರ್ 10ರಂದು ಕೊಟ್ಟಿದ್ದರೂ ಅದು ಸಕಾಲವೇ. ಎಣಿಕೆ ಶುರುವಾಗುವುದು 11ರಿಂದ. ಹಣ ಬಂದ ದಿನವನ್ನು ಹಳೆಯ ಬಾಕಿಯ ಸಾಲಿಗೆ ಸೇರಿಸಿ, ಹೊಸ ಬಾಕಿಯ ಎಣಿಕೆಯನ್ನು ಮರುದಿನದಿಂದ ಶುರು ಮಾಡಿ. ಹೀಗೆ ಮಾಡಿದರೆ ಯಾವ ದಿನವೂ ಎರಡು ಸಾಲಿನಲ್ಲಿ ಬರುವುದಿಲ್ಲ, ಯಾವ ದಿನವೂ ಬಿಟ್ಟುಹೋಗುವುದಿಲ್ಲ.

ಚೆಕ್ ಆದರೆ ಕೊಟ್ಟ ದಿನವೋ, ಖಾತೆಗೆ ಜಮೆಯಾದ ದಿನವೋ? ಇದನ್ನೂ ಬರೆಯಿರಿ. ಚೆಕ್ ಪಾಸಾದರೆ ಕೈಗೆ ಕೊಟ್ಟ ದಿನವನ್ನೇ ಹಿಡಿಯುವುದು ಒಳ್ಳೆಯದು. ₹30,000ಕ್ಕೆ ಎರಡು ದಿನದ ಬಡ್ಡಿ ₹19.73. ಅಷ್ಟಕ್ಕೆ ಮಾತು ಬೆಳೆಸಬೇಕಾ? ಯುಪಿಐ ಆದರೆ ಅವರ ಫೋನಿನಲ್ಲಿ ಕಾಣುವ ತಾರೀಖು. ನಗದಾದರೆ ರಸೀದಿಯ ತಾರೀಖು. ತಾರೀಖು ಯಾವುದೇ ಇರಲಿ, ಗಿರಾಕಿ ತನ್ನ ಹತ್ತಿರ ಇರುವ ಕಾಗದದಲ್ಲೋ ಫೋನಿನಲ್ಲೋ ಅದನ್ನು ನೋಡಿಕೊಳ್ಳುವಂತಿರಬೇಕು.

ನಾಲ್ಕನೆಯದಕ್ಕೆ ಸ್ವಲ್ಪ ನಿಲ್ಲಬೇಕು. ಬಂದ ಹಣ ಮೊದಲು ಅಸಲಿಗೋ, ಬಡ್ಡಿಗೋ?

ಅಸಲಿಗೆ ಎಂದರೆ, ₹30,000 ಬಂದ ಕೂಡಲೇ ಬಾಕಿ ₹43,000 ಆಗುತ್ತದೆ. ಅದುವರೆಗಿನ ₹1,080 ಬಡ್ಡಿಯನ್ನು ಪಕ್ಕಕ್ಕೆ ಬರೆದಿಟ್ಟು ಕೊನೆಗೆ ಕೂಡುತ್ತೀರಿ. ಬಡ್ಡಿಗೆ ಎಂದರೆ, ₹30,000ದಲ್ಲಿ ಮೊದಲು ₹1,080 ಹೋಗುತ್ತದೆ. ಉಳಿದ ₹28,920 ಮಾತ್ರ ಅಸಲಿಗೆ ಸೇರಿ, ಬಾಕಿ ₹44,080 ಆಗುತ್ತದೆ. ಎರಡೂ ಸರಳ ಬಡ್ಡಿಯೇ. ಎರಡೂ ಚಾಲ್ತಿಯಲ್ಲಿವೆ. ಕರಾರಿನಲ್ಲಿ ಏನೂ ಹೇಳದಿದ್ದರೆ ಮೊದಲು ಬಡ್ಡಿ, ಆಮೇಲೆ ಅಸಲು ಎಂಬುದು ಕೋರ್ಟುಗಳಲ್ಲಿ ಸಾಮಾನ್ಯವಾಗಿ ಒಪ್ಪುವ ಕ್ರಮ. ಆದರೂ ಸಣ್ಣ ವ್ಯಾಪಾರದಲ್ಲಿ ಅಸಲಿಗೆ ಮೊದಲು ಜಮಾ ಮಾಡಿ ಎಂದು ನಾನು ಹೇಳುವುದು ಒಂದೇ ಕಾರಣಕ್ಕೆ. ಗಿರಾಕಿ ತನ್ನ ಮನಸ್ಸಿನಲ್ಲಿ ಮಾಡುವ ಕಳೆಯುವ ಲೆಕ್ಕ ಅದೇ. ‘ಎಪ್ಪತ್ತಮೂರರಲ್ಲಿ ಮೂವತ್ತು ಕೊಟ್ಟೆ, ನಲವತ್ತಮೂರು ಉಳಿಯಿತು.’ ಹಾಳೆಯಲ್ಲೂ ಅದೇ 43 ಕಂಡರೆ ಅವರು ಮುಂದಿನ ಸಾಲು ಓದುತ್ತಾರೆ. 44,080 ಕಂಡರೆ ಅಲ್ಲೇ ನಿಲ್ಲುತ್ತಾರೆ. ಈ ಉದಾಹರಣೆಯಲ್ಲಿ ಎರಡು ಕ್ರಮಗಳ ನಡುವಿನ ವ್ಯತ್ಯಾಸ ಕೊನೆಗೆ ₹50.99 ಅಷ್ಟೇ.

ಕೊನೆಯದು ಪೈಸೆ. ಪ್ರತಿ ಸಾಲಿನ ಬಡ್ಡಿಯನ್ನು ಎರಡು ದಶಮಾಂಶಕ್ಕೆ ಹೊಂದಿಸಿ, ಆ ಹೊಂದಿಸಿದ ಮೊತ್ತಗಳನ್ನೇ ಕೂಡಿ. ನಡುವೆ ಎಲ್ಲೂ ಹೊಂದಿಸಬೇಡಿ. ಉದಾಹರಣೆಗೆ ₹43,000ಕ್ಕೆ ದಿನದ ಬಡ್ಡಿ 14.1369… ಬರುತ್ತದೆ. ಅದನ್ನು ₹14.14 ಎಂದು ಮಾಡಿಕೊಂಡು 56 ದಿನಕ್ಕೆ ಗುಣಿಸಿದರೆ ₹791.84. ಸರಿಯಾದ ಉತ್ತರ ₹791.67. ಹದಿನೇಳು ಪೈಸೆ ದೊಡ್ಡದಲ್ಲ. ಆದರೆ ತಾಳೆ ನೋಡುವವರಿಗೆ ಲೆಕ್ಕ ‘ಕೂಡಲಿಲ್ಲ’ ಅಂದರೆ ಕೂಡಲಿಲ್ಲ, ಅಷ್ಟೇ.

ಸಾಲುಗಳು

ಈಗ ಲೆಕ್ಕ. ಬಾಕಿ ಬದಲಾದಾಗಲೆಲ್ಲ ಒಂದು ಹೊಸ ಸಾಲು. ಎರಡು ಕಂತು ಬಂದಿವೆ, ಮೂರನೆಯದು ಬರಲಿದೆ. ಹಾಗಾಗಿ ಮೂರು ಸಾಲು.

ದಿನಗಳನ್ನು ತಿಂಗಳುವಾರು ಒಡೆದು ಬರೆಯಿರಿ. ಬರಿ ‘45 ದಿನ’ ಎಂದು ಬರೆದರೆ ಗಿರಾಕಿ ಕ್ಯಾಲೆಂಡರ್ ಹಿಡಿದು ಒಂದೊಂದೇ ದಿನ ಎಣಿಸಬೇಕು. ‘ಅಕ್ಟೋಬರ್ 21, ನವೆಂಬರ್ 24’ ಎಂದು ಒಡೆದರೆ ಕಣ್ಣಲ್ಲೇ ಗೊತ್ತಾಗುತ್ತದೆ. ಅಕ್ಟೋಬರ್‌ಗೆ 31 ದಿನ, ಅದರಲ್ಲಿ ಹತ್ತು ಕಳೆದರೆ 21.

ಲೆಕ್ಕವನ್ನು ಫೋನಿನ ಕ್ಯಾಲ್ಕುಲೇಟರಿಗೆ ಹಾಗೇ ಒತ್ತಬಹುದಾದ ಒಂದೇ ಸರಣಿಯಾಗಿ ಬರೆಯಿರಿ: ಅಸಲು, ಗುಣಿಸು ದರ, ಗುಣಿಸು ದಿನ, ಭಾಗಿಸು 36,500. ಈ 36,500 ಎಂದರೆ 365 ದಿನ ಮತ್ತು ಶೇಕಡದ 100 ಎರಡನ್ನೂ ಗುಣಿಸಿದ್ದು. ಇದನ್ನು ಒಂದು ಸಲ ಹೇಳಿಬಿಟ್ಟರೆ ಸಾಕು. ಎಡದಿಂದ ಬಲಕ್ಕೆ ಒತ್ತುತ್ತಾ ಹೋದರೆ ಯಾವ ಫೋನಿನಲ್ಲೂ ಅದೇ ಉತ್ತರ ಬರುತ್ತದೆ. ಹಾಳೆ ಹೀಗೆ ಕಾಣುತ್ತದೆ:

```
ಬಿಲ್ ಮೊತ್ತ 73,000   ಗಡುವು 10-10-2025
ದರ: ವರ್ಷಕ್ಕೆ ಶೇ. 12, ಸರಳ ಬಡ್ಡಿ, 365 ದಿನ
ಬಂದ ಹಣ ಮೊದಲು ಅಸಲಿಗೆ ಜಮಾ

ಸಾಲು 1: 11-10-2025 ರಿಂದ 24-11-2025
ದಿನ: 21 + 24 = 45
73,000 × 12 × 45 ÷ 36,500 = 1,080.00
24-11-2025 ಜಮಾ 30,000   ಉಳಿದ ಅಸಲು 43,000

ಸಾಲು 2: 25-11-2025 ರಿಂದ 19-01-2026
ದಿನ: 6 + 31 + 19 = 56
43,000 × 12 × 56 ÷ 36,500 = 791.67
19-01-2026 ಜಮಾ 20,000   ಉಳಿದ ಅಸಲು 23,000

ಸಾಲು 3: 20-01-2026 ರಿಂದ 10-03-2026
ದಿನ: 12 + 28 + 10 = 50
23,000 × 12 × 50 ÷ 36,500 = 378.08

ಒಟ್ಟು ಬಡ್ಡಿ: 1,080.00 + 791.67 + 378.08 = 2,249.75
10-03-2026ಕ್ಕೆ ಕೊಡಬೇಕಾದದ್ದು: 23,000 + 2,249.75 = 25,249.75
```

ಇಲ್ಲಿ ‘ಉಳಿದ ಅಸಲು’ ಎಂಬ ಜಾಗದಲ್ಲಿ ಬಡ್ಡಿ ಒಂದು ಪೈಸೆಯೂ ಸೇರಿಲ್ಲ ಎಂಬುದನ್ನು ಗಮನಿಸಿ. ಸರಳ ಬಡ್ಡಿಯ ಜೀವ ಇರುವುದೇ ಅಲ್ಲಿ. ₹43,000ಕ್ಕೆ ₹1,080 ಸೇರಿಸಿ ಮುಂದಿನ ಸಾಲನ್ನು ₹44,080ರಿಂದ ಶುರು ಮಾಡಿ, ಕೊನೆಗೆ ಒಟ್ಟು ಬಡ್ಡಿ ಕೂಡುವಾಗ ಅದೇ ₹1,080ನ್ನು ಮತ್ತೆ ಸೇರಿಸುವವರಿದ್ದಾರೆ. ಆಗ ಬಡ್ಡಿಗೂ ಬಡ್ಡಿ ಬಿತ್ತು, ಅದೇ ₹1,080 ಎರಡು ಸಲವೂ ಬಂತು.

ಕಳಿಸುವ ಮುಂಚೆ ಎರಡು ತಾಳೆ ನೋಡಿ. ಒಂದು: ಜಮಾ ಆದ ಕಂತುಗಳು ಮತ್ತು ಉಳಿದ ಅಸಲು ಕೂಡಿದರೆ ಬಿಲ್ ಮೊತ್ತ ಬರಬೇಕು. 30,000, 20,000, 23,000 ಕೂಡಿದರೆ 73,000. ಸರಿ. ಎರಡು: ಎಲ್ಲ ಸಾಲಿನ ದಿನಗಳನ್ನು ಕೂಡಿದರೆ, ಗಡುವಿನಿಂದ ಕೊನೆಯ ತಾರೀಖಿನವರೆಗಿನ ಒಟ್ಟು ದಿನ ಬರಬೇಕು. 45, 56, 50 ಕೂಡಿದರೆ 151. ಅಕ್ಟೋಬರ್‌ನ 21, ನವೆಂಬರ್‌ನ 30, ಡಿಸೆಂಬರ್‌ನ 31, ಜನವರಿಯ 31, ಫೆಬ್ರವರಿಯ 28, ಮಾರ್ಚ್‌ನ 10 ಕೂಡಿದರೂ 151. ಈ ಎರಡೂ ಕೂಡಿದರೆ ಹಾಳೆಯಲ್ಲಿ ದೊಡ್ಡ ತಪ್ಪು ಉಳಿಯುವುದು ಕಷ್ಟ.

ಎಕ್ಸೆಲ್‌ನಲ್ಲಿ ಮಾಡುವವರಿಗೆ

A ಕಾಲಂನಲ್ಲಿ ಹಿಂದಿನ ತಾರೀಖು (ಮೊದಲ ಸಾಲಿಗೆ ಗಡುವು), Bಯಲ್ಲಿ ಹಣ ಬಂದ ತಾರೀಖು, Cಯಲ್ಲಿ ಅಸಲು, Dಯಲ್ಲಿ ದಿನ, Eಯಲ್ಲಿ ಬಡ್ಡಿ, Fನಲ್ಲಿ ಜಮಾ ಇಟ್ಟುಕೊಳ್ಳಿ. ಮೊದಲ ಸಾಲಿನ A2, B2, C2, F2 ನೀವೇ ತುಂಬಿ. ಮುಂದಿನ ಸಾಲುಗಳಲ್ಲಿ B, F ಮಾತ್ರ ತುಂಬಿ. ಉಳಿದದ್ದಕ್ಕೆ ಈ ಸೂತ್ರಗಳು, ಇವನ್ನೇ ಕೆಳಗಿನ ಸಾಲುಗಳಿಗೂ ಎಳೆಯಿರಿ:

```
D2:  =B2-A2
E2:  =ROUND(C2*12*D2/36500,2)
A3:  =B2
C3:  =C2-F2
```

ತಾರೀಖಿನಿಂದ ತಾರೀಖು ಕಳೆದರೆ ಮೊದಲ ದಿನ ಬಿಟ್ಟು ಕೊನೆಯ ದಿನ ಸೇರುತ್ತದೆ. ಮೇಲೆ ನಾವು ಇಟ್ಟುಕೊಂಡ ನಿಯಮವೂ ಅದೇ, ಹಾಗಾಗಿ ಒಂದು ಸೇರಿಸುವುದು, ಒಂದು ಕಳೆಯುವುದು ಬೇಕಿಲ್ಲ. Dಯಲ್ಲಿ ಸಂಖ್ಯೆಯ ಬದಲು ಯಾವುದೋ ತಾರೀಖು ಕಂಡರೆ ಗಾಬರಿ ಬೇಡ, ಆ ಕಾಲಂನ ಫಾರ್ಮ್ಯಾಟ್ ಅನ್ನು ನಂಬರ್‌ಗೆ ಬದಲಿಸಿ.

ನಿಜವಾದ ಅಪಾಯ ತಾರೀಖು ಟೈಪ್ ಮಾಡುವುದರಲ್ಲಿ ಇದೆ. ಕೆಲವು ಕಂಪ್ಯೂಟರ್‌ಗಳು 10/11 ಎಂದರೆ ಅಕ್ಟೋಬರ್ 11 ಎಂದು ತಿಳಿಯುತ್ತವೆ, ನೀವು ಬರೆದದ್ದು ನವೆಂಬರ್ 10. ಸೂತ್ರ ಯಾವ ತಕರಾರೂ ತೆಗೆಯದೆ ತಪ್ಪು ಉತ್ತರ ಕೊಡುತ್ತದೆ. ತಾರೀಖಿನ ಕಾಲಂನಲ್ಲಿ ತಿಂಗಳ ಹೆಸರು ಕಾಣುವಂತೆ ಫಾರ್ಮ್ಯಾಟ್ ಇಟ್ಟರೆ ಇದು ತಕ್ಷಣ ಕಣ್ಣಿಗೆ ಬೀಳುತ್ತದೆ.

ಎಕ್ಸೆಲ್ ಫೈಲನ್ನೇ ಗಿರಾಕಿಗೆ ಕಳಿಸಬೇಡಿ. ತೋಟದಲ್ಲಿ ನಿಂತು ಫೋನಿನಲ್ಲಿ ನೋಡುವವರಿಗೆ ಅದು ಅರ್ಧ ಮಾತ್ರ ಕಾಣುತ್ತದೆ. ಸೂತ್ರವಂತೂ ಕಾಣುವುದೇ ಇಲ್ಲ. ಮೇಲೆ ತೋರಿಸಿದಂತೆ ಸಾಲುಗಳನ್ನು ಬಿಡಿಸಿ ವಾಟ್ಸಾಪ್‌ನಲ್ಲಿ ಕಳಿಸಿ, ಸಹಿ ಹಾಕಿದ ಒಂದು ಪ್ರತಿಯನ್ನು ಪಿಡಿಎಫ್ ಮಾಡಿ ಜೊತೆಗೆ ಕೊಡಿ.

ತಾರೀಖು ಮುಂದೆ ಹೋದರೆ, ಬಿಲ್ ಎರಡಿದ್ದರೆ

ಮಾರ್ಚ್ 10ಕ್ಕೆ ಎಂದವರು 14ಕ್ಕೆ ಕೊಡಬಹುದು. ಅದಕ್ಕೆ ಹಾಳೆಯ ಕೆಳಗೆ ‘10ರ ನಂತರ ದಿನಕ್ಕೆ ಸುಮಾರು ₹7.56’ ಎಂದು ಸೇರಿಸಿ. ಆದರೆ ಹಣ ಬಂದ ಮೇಲೆ ಮೂರನೇ ಸಾಲನ್ನು 54 ದಿನಕ್ಕೆ ಹೊಸದಾಗಿ ಗುಣಿಸಿ. ಆಗ ಬರುವುದು ₹408.33. ಹಳೆಯ ₹378.08ಕ್ಕೆ ನಾಲ್ಕು ದಿನದ ₹7.56 ಕೂಡಿದರೆ ₹408.32 ಬರುತ್ತದೆ. ದಿನದ ದರ ಅಂದಾಜಿಗೆ, ಸಾಲು ಲೆಕ್ಕಕ್ಕೆ.

ಅದೇ ಗಿರಾಕಿಯ ಇನ್ನೊಂದು ಬಿಲ್ ಕೂಡ ಬಾಕಿ ಇದ್ದರೆ, ಪ್ರತಿ ಬಿಲ್‌ಗೂ ಬೇರೆ ಹಾಳೆ ಮಾಡಿ. ಹಣ ಕೊಡುವಾಗ ‘ಇದು ಮೆಷಿನ್ ಬಿಲ್‌ಗೆ’ ಎಂದು ಅವರು ಹೇಳಿದ್ದರೆ ಅದಕ್ಕೇ ಜಮಾ ಆಗಬೇಕು. 1872ರ ಭಾರತೀಯ ಕರಾರು ಕಾಯ್ದೆಯ 59ನೇ ಸೆಕ್ಷನ್ ಹೇಳುವುದೂ ಇದನ್ನೇ. ಹೆಚ್ಚು ಬಡ್ಡಿ ಬರುವ ಬಿಲ್ಲನ್ನು ಬಾಕಿ ಇಟ್ಟುಕೊಂಡು ಇನ್ನೊಂದಕ್ಕೆ ಜಮಾ ಮಾಡುವುದು ಸರಿಯಲ್ಲ.

ಸರಿಯಿಲ್ಲ ಎಂದು ವಾಪಸ್ ಕೊಟ್ಟ ಬಿಡಿಭಾಗದ ಹಣವನ್ನು ಕಂತಿನಂತೆ ನಡುವೆ ಕಳೆಯಬೇಡಿ. ಅದು ಅವರು ಕೊಡಬೇಕಾದ ಹಣವೇ ಆಗಿರಲಿಲ್ಲ. ಮೊದಲ ಸಾಲಿನ ಅಸಲಿನಲ್ಲೇ ಕಳೆದು ಶುರು ಮಾಡಿ.

ಬಂದ ಬಡ್ಡಿಗೂ ಜಿಎಸ್‌ಟಿ ಇದೆ. 2017ರ ಕೇಂದ್ರ ಜಿಎಸ್‌ಟಿ ಕಾಯ್ದೆಯ 15ನೇ ಸೆಕ್ಷನ್ ಪ್ರಕಾರ, ತಡವಾಗಿದ್ದಕ್ಕೆ ಪಡೆಯುವ ಬಡ್ಡಿಯೂ ಮಾಲಿನ ಬೆಲೆಗೆ ಸೇರುತ್ತದೆ. ಅದು ಕೈಗೆ ಬಂದ ದಿನದ ಲೆಕ್ಕಕ್ಕೆ ಬರುತ್ತದೆ. ಹಾಗಾಗಿ ಬಡ್ಡಿ ಮೊತ್ತವನ್ನು ಅಸಲಿನ ಜೊತೆ ಬೆರೆಸದೆ ಬೇರೆಯೇ ತೋರಿಸಿ, ತೆರಿಗೆ ಅದರ ಒಳಗಿದೆಯೋ ಮೇಲಿದೆಯೋ ಎಂಬುದನ್ನು ನಿಮ್ಮ ಆಡಿಟರ್ ಹತ್ತಿರ ಕೇಳಿ ಮೊದಲೇ ಬರೆದಿಡಿ. ಇನ್ನೊಂದು ಮಾತು. ಸಣ್ಣ ಉದ್ದಿಮೆಗಳಿಗಾಗಿ ಇರುವ 2006ರ ಎಂಎಸ್‌ಎಂಇಡಿ ಕಾಯ್ದೆಯಲ್ಲಿ ತಡಪಾವತಿಗೆ ತಿಂಗಳಿಗೊಮ್ಮೆ ಕೂಡುವ ಚಕ್ರಬಡ್ಡಿ ಇದೆ. ದರ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು. ಆ ಕಾಯ್ದೆಯಡಿ ಕೇಳುವುದಾದರೆ ಈ ಹಾಳೆ ಆಗುವುದಿಲ್ಲ.

ಗಿರಾಕಿಗೆ ಬೇರೆ ಮೊತ್ತ ಬಂದರೆ

‘ನನ್ನ ಲೆಕ್ಕಕ್ಕೆ ಕೂಡುತ್ತಿಲ್ಲ’ ಎಂದರೆ ವಾದ ಮಾಡಬೇಡಿ. ‘ನಿಮಗೆ ಎಷ್ಟು ಬಂತು?’ ಎಂದು ಕೇಳಿ. ನಮ್ಮ ₹2,249.75ಕ್ಕೂ ಅವರದಕ್ಕೂ ಇರುವ ವ್ಯತ್ಯಾಸವೇ ಕಾರಣ ಹೇಳಿಬಿಡುತ್ತದೆ.

ವ್ಯತ್ಯಾಸ ₹24 ಇದ್ದರೆ ಮೊದಲ ಸಾಲಿನಲ್ಲಿ ಒಂದು ದಿನ ಹೆಚ್ಚುಕಡಿಮೆ ಆಗಿದೆ. ಬಹುಪಾಲು ಗಡುವಿನ ದಿನವನ್ನೂ ಎಣಿಸಿರುತ್ತಾರೆ. ₹14.14 ಇದ್ದರೆ ಅದೇ ತಪ್ಪು ಎರಡನೇ ಸಾಲಿನಲ್ಲಿ, ₹7.56 ಇದ್ದರೆ ಮೂರನೆಯದರಲ್ಲಿ. ಅವರಿಗೆ ₹31.25 ಜಾಸ್ತಿ ಬಂದಿದ್ದರೆ ವರ್ಷಕ್ಕೆ 360 ದಿನ ಹಿಡಿದಿದ್ದಾರೆ. ₹50.99 ಜಾಸ್ತಿ ಬಂದಿದ್ದರೆ ಕಂತನ್ನು ಮೊದಲು ಬಡ್ಡಿಗೆ ಜಮಾ ಮಾಡಿದ್ದಾರೆ. ₹1,374.25 ಜಾಸ್ತಿ ಎಂದರೆ ಕಂತುಗಳನ್ನು ಕಳೆಯದೆ ಪೂರ್ತಿ ₹73,000ಕ್ಕೆ 151 ದಿನದ ಬಡ್ಡಿ ಹಾಕಿದ್ದಾರೆ.

ಇದ್ಯಾವುದೂ ಅಲ್ಲದಿದ್ದರೆ ಸಾಲು ಸಾಲಾಗಿ ಓದಿ ಹೇಳಲು ಕೇಳಿ. ಮೊದಲು ತಾರೀಖು, ಆಮೇಲೆ ದಿನ, ಆಮೇಲೆ ಅಸಲು. ಎರಡು ಕಡೆಯೂ ಒಂದೇ ಇರುವ ಕೊನೆಯ ಜಾಗ ಸಿಕ್ಕರೆ, ತಪ್ಪು ಅದರ ಮುಂದಿನ ಜಾಗದಲ್ಲಿ ಇರುತ್ತದೆ. ಅವರ ಹತ್ತಿರ ಇರುವ ರಸೀದಿಯ ತಾರೀಖೇ ನಮ್ಮದಕ್ಕಿಂತ ಬೇರೆ ಇದ್ದರೆ, ರಸೀದಿಯ ಫೋಟೋ ತರಿಸಿಕೊಂಡು ಆ ಒಂದು ಸಾಲು ಮತ್ತು ಅದರ ಮುಂದಿನ ಸಾಲು, ಎರಡನ್ನೂ ತಿದ್ದಿ. ಒಂದು ಸಾಲಿನ ಕೊನೆಯ ತಾರೀಖು ಬದಲಾದರೆ ಮುಂದಿನದರ ಶುರುವೂ ಬದಲಾಗುತ್ತದೆ. ತಿದ್ದಿದ ಹಾಳೆಗೆ ‘ತಿದ್ದಿದ್ದು’ ಎಂದು ಬರೆದು ಆ ದಿನದ ತಾರೀಖು ಹಾಕಿ ಕಳಿಸಿ, ಹಳೆಯದು ರದ್ದು ಎಂದೂ ತಿಳಿಸಿ.